ದಾನೇಶ್ವರಿಯ ಕೈಯ ಉಪ್ಪು

ಗಂಗಾವತಿಯ ಬಸ್ ನಿಲ್ದಾಣದಿಂದ ಕೊಪ್ಪಳ ರಸ್ತೆಗೆ ತಿರುಗುವಲ್ಲಿ ದೇವೇಂದ್ರಪ್ಪನ ಖಾನಾವಳಿ ಇದೆ. ಬೋರ್ಡು ಮಾಸಿ ಅಕ್ಷರಗಳು ಅಳಿಸಿಹೋಗಿವೆ. ಒಳಗಿನಿಂದ ಬರುವ ರೊಟ್ಟಿ ಬಡಿಯುವ ಸದ್ದೇ ಈಗ ಅದರ ಗುರುತು. ಬಡಿಯುವವಳು ದಾನೇಶ್ವರಿ, ದೇವೇಂದ್ರಪ್ಪನ ಹಿರಿಯ ಸೊಸೆ. ಕುಷ್ಟಗಿ ಕಡೆಯ ಹಳ್ಳಿಯವಳು. ಮದುವೆಯಾಗಿ ಬಂದಾಗ ಅವಳ ರೊಟ್ಟಿ ಅಂಚಿನಲ್ಲಿ ಸೀಳುತ್ತಿತ್ತು. ಅತ್ತೆ ಪಾರ್ವತೆಮ್ಮ ಹಿಟ್ಟಿಗೆ ಕುದಿನೀರು ಹೊಯ್ಯುವ ಹದ ಕಲಿಸಿದಳು. ಪಾರ್ವತೆಮ್ಮ ತೀರಿ ನಾಲ್ಕು ವರ್ಷವಾಯಿತು. ಅಂದಿನಿಂದ ಒಲೆ ಇವಳದು. ಗಲ್ಲಾ ಮಾತ್ರ ಮಾವನದು.

ದೇವೇಂದ್ರಪ್ಪನಿಗೆ ಎಪ್ಪತ್ತು ದಾಟಿದೆ. ಬಂದವರ ಮುಖ ನೋಡಿಯೇ ಊರು ಹೇಳುವ ಮನುಷ್ಯ. ಮರಳಿಯಿಂದ ಭತ್ತ ತಂದ ಲಾರಿಯವನಿಗೂ ಹುಲಿಗಿಗೆ ಹೊರಟ ಭಕ್ತರಿಗೂ ಅವನ ಮೊದಲ ಮಾತು ಒಂದೇ: "ಕುಂದರ್ರಿ, ಬಿಸಿ ರೊಟ್ಟಿ ಬರ್ತಾವ."

ರಕ್ತದೊತ್ತಡಕ್ಕೆ ಅವನು ಡಾ. ದ್ರಾಕ್ಷಾಯಿಣಿ ಅವರ ನರ್ಸಿಂಗ್ ಹೋಮಿನಲ್ಲಿ ತೋರಿಸಿಕೊಳ್ಳುತ್ತಿದ್ದ. ಹೋದ ಬೇಸಿಗೆಗೆ ಮುಂಚೆ ಅವರು ಗುಳಿಗೆ ಬದಲಿಸಿ, ಊಟದಲ್ಲಿ ಉಪ್ಪು ಕಡಿಮೆ ಮಾಡಲು ಹೇಳಿದ್ದರು. ಉಪ್ಪಿನಕಾಯಿ, ಹಪ್ಪಳ ಬೇಡ ಅಂದಿದ್ದರು. ಅಂದಿನಿಂದ ದಾನೇಶ್ವರಿ ಮಾವನ ಪಲ್ಯವನ್ನು ಬೇರೆ ಬೋಗುಣಿಯಲ್ಲಿ ಮಾಡುತ್ತಾಳೆ. ಉಪ್ಪು ಬಿಟ್ಟಿರಲಿಲ್ಲ, ಕಡಿಮೆ ಮಾಡಿದ್ದಳು. ದೇವೇಂದ್ರಪ್ಪ ಇದನ್ನು ಗಿರಾಕಿಗಳ ಮುಂದೆ ತಮಾಷೆ ಮಾಡುತ್ತಿದ್ದ.

"ನಿಮಗ ಖಾನಾವಳಿ ಊಟ. ನನಗ ನಮ್ಮ ಸೊಸಿ ದವಾಖಾನಿ ಊಟ ಹಾಕ್ತಾಳ ನೋಡ್ರಿ."

ಎಲ್ಲರೂ ನಗುತ್ತಿದ್ದರು. ಅವಳೂ ಒಲೆಯ ಮುಂದೆ ನಗುತ್ತಿದ್ದಳು.

ಆ ಬೇಸಿಗೆ ಜೋರಾದಾಗ ಬದಲಾವಣೆ ಮೊದಲು ಕಂಡದ್ದು ದೇವೇಂದ್ರಪ್ಪನ ತಟ್ಟೆಯಲ್ಲಿ. ರೊಟ್ಟಿ ಮುರಿದು, ಪಲ್ಯ ಮುಟ್ಟದೆ ಎದ್ದುಬಿಡುತ್ತಿದ್ದ. ಬಾಯಿ ಕೆಟ್ಟಿದೆ ಎನ್ನುತ್ತಿದ್ದ. ಆಮೇಲೆ ಗಲ್ಲಾದಲ್ಲಿ ಕೂತಲ್ಲೇ ತೂಕಡಿಕೆ. ಊಟ ಮುಗಿಸಿ ಕೈ ತೊಳೆದು ಬಂದವನಿಗೆ "ಕುಂದರ್ರಿ, ಬಿಸಿ ರೊಟ್ಟಿ ಬರ್ತಾವ" ಎಂದ. ಆ ಮನುಷ್ಯ ನಕ್ಕು ಹೋದ. ಒಂದು ಸಂಜೆ ದೇವೇಂದ್ರಪ್ಪ ಒಲೆಯ ಬಳಿ ಬಂದು ನಿಂತು ಕೇಳಿದ:

"ಪಾರ್ವತಿ ಎಲ್ಲಿ ಹೋಗ್ಯಾಳ?"

ದಾನೇಶ್ವರಿ ಹಂಚಿನ ಮೇಲಿನ ರೊಟ್ಟಿ ತಿರುವುವುದನ್ನು ಮರೆತಳು. ಮರುದಿನ ಬೆಳಿಗ್ಗೆ ಅವನು ಮೊದಲಿನಂತೆಯೇ ಇದ್ದ. ಸಂಜೆಗೆ ಮತ್ತೆ ಕೆಟ್ಟಿತು.

ಅವಳು ಗಂಡ ಬಸವಕುಮಾರನಿಗೆ ಹೇಳಿದಳು. ಅವನು ಗಿರಾಕಿಗಳಿಗೆ ಬಡಿಸುತ್ತಲೇ ಉತ್ತರ ಕೊಟ್ಟ.

"ವಯಸ್ಸಾತು. ಮರವು ಬರೂದ."

"ಮರವು ಹಿಂಗ ಒಂದ ವಾರದಾಗ ಬರ್ತದನ್ರಿ? ಹೋದ ಅಮಾವಾಸ್ಯಿಗೆ ಛಲೋ ಇದ್ರು."

"ನೀ ಯಾವಾಗ ಡಾಕ್ಟರ್ ಆದಿ?"

ಡಾಕ್ಟರರ ನಂಬರು ಅವಳ ಬಳಿ ಇರಲಿಲ್ಲ. ಮಾವನನ್ನು ಒಬ್ಬಳೇ ಕರೆದುಕೊಂಡು ಹೋಗುವ ರೂಢಿಯೂ ಆ ಮನೆಯಲ್ಲಿರಲಿಲ್ಲ. ಮೈದುನ ಗವಿಸಿದ್ದೇಶ ಸೌದಿಯ ದಮ್ಮಾಮಿನಲ್ಲಿ ಪೈಪ್ ಫಿಟ್ಟರ್. ಶುಕ್ರವಾರ ರಜೆ ಇದ್ದಾಗ ವಿಡಿಯೋ ಕಾಲ್ ಮಾಡುತ್ತಾನೆ. ಆ ಶುಕ್ರವಾರ ದಾನೇಶ್ವರಿ ಫೋನು ಹಿಡಿದು ಹಿತ್ತಲಿಗೆ ಹೋಗಿ ಕಂಡದ್ದನ್ನೆಲ್ಲ ಹೇಳಿದಳು. ಊಟ, ತೂಕಡಿಕೆ, ಸಂಜೆಯ ಮಾತು, ಪಾರ್ವತೆಮ್ಮನನ್ನು ಕೇಳಿದ್ದು.

"ವೈನಿ, ನೀವು ಚಿಂತಿ ಮಾಡಬ್ಯಾಡ್ರಿ. ನಾ ಮೇಡಂಗ ಬರೀತೀನಿ," ಎಂದ ಗವಿಸಿದ್ದೇಶ.

ಅವನು ಬರೆದ ಸಂದೇಶ ಹೀಗಿತ್ತು:

"ಮೇಡಂ ನಮಸ್ಕಾರ್ರಿ. ನಾನು ಖಾನಾವಳಿ ದೇವೇಂದ್ರಪ್ಪನ ಸಣ್ಣ ಮಗ, ದಮ್ಮಾಮಿನಿಂದ. ಅಪ್ಪಗ ಒಂದು ವಾರದಿಂದ ಏನೋ ಆಗೈತ್ರಿ. ಮೊದಲ ಹಿಂಗ ಇದ್ದಿಲ್ಲ. ಮಾತಾಡಕೋತ ಮಾತು ತಪ್ಪತಾರ. ತೀರಿಹೋದ ಅವ್ವನ್ನ ಎಲ್ಲಿ ಅಂತ ಕೇಳತಾರ. ಬೆಳಿಗ್ಗೆ ಛಲೋ ಇರತಾರ, ಸಂಜಿಕ ಕೆಡತದ. ಊಟ ಬಿಟ್ಟಾರ. ನೀವು ಬರದ ಬಿ.ಪಿ. ಗುಳಿಗಿ ತಗೋತಾರ. ಮನ್ಯಾಗ ಯಾರೂ ಲಕ್ಷ್ಯ ಕೊಡವಲ್ರು. ನೀವರ ನೋಡ್ರಿ."

ಕೊನೆಯ ಎರಡು ವಾಕ್ಯ ಬಿಟ್ಟರೆ ಉಳಿದದ್ದೆಲ್ಲ ದಾನೇಶ್ವರಿ ಹೇಳಿದ್ದು.

ಡಾ. ದ್ರಾಕ್ಷಾಯಿಣಿ ಹೊರರೋಗಿಗಳ ನಡುವೆ ಅದನ್ನು ಓದಿದರು. ಒಂದು ವಾರ, ಮೊದಲು ಇರಲಿಲ್ಲ, ಬೆಳಿಗ್ಗೆ ಒಂದು ಸಂಜೆ ಒಂದು. ಮೆಲ್ಲಗೆ ಬರುವ ಮುಪ್ಪಿನ ಮರೆವಿನ ಲಕ್ಷಣ ಇದಲ್ಲ. ಒಳಗೆ ಬೇರೇನೋ ಕೆಟ್ಟಿದೆ. ತಕ್ಷಣ ಉತ್ತರಿಸಿದರು: ಸಂದೇಶ ನೋಡಿ ಔಷಧ ಹೇಳಲಾಗದು, ಇವತ್ತೇ ಕರೆತರಲಿ. ಬಿದ್ದಿದ್ದಾರೆಯೇ, ಜ್ವರ ಇದೆಯೇ, ಮೂತ್ರ ಉರಿಯುತ್ತದೆಯೇ, ಬೇರೆ ಯಾವ ಗುಳಿಗೆಯಾದರೂ ತೆಗೆದುಕೊಳ್ಳುತ್ತಾರೆಯೇ? ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ತರಲಿ.

ಗವಿಸಿದ್ದೇಶ ಬರೆದ: "ಬೇರೆ ಏನೂ ಇಲ್ರಿ ಮೇಡಂ."

ಬಸವಕುಮಾರನಿಗೆ ತಮ್ಮನ ಫೋನು ಬಂತು. ಗೊಣಗುತ್ತಲೇ ಆಟೊ ತರಿಸಿದ. ದಾನೇಶ್ವರಿ ಗುಳಿಗೆಯ ಚೀಲ ಹಿಡಿದು ಜೊತೆಗೆ ಹತ್ತಿದಳು. ನರ್ಸಿಂಗ್ ಹೋಮಿನಲ್ಲಿ ಡಾಕ್ಟರರು ಇವತ್ತು ಯಾವ ವಾರ ಎಂದು ಕೇಳಿದರು. ದೇವೇಂದ್ರಪ್ಪ ಯೋಚಿಸಿ "ಸಂತಿ ದಿನ" ಎಂದ. ಸಂತೆ ಇರಲಿಲ್ಲ. ಡಾಕ್ಟರರು ಬಸವಕುಮಾರನತ್ತ ತಿರುಗಿ ಸಂದೇಶ ತೋರಿಸಿ, ಇದೆಲ್ಲ ಹೌದೇ ಎಂದು ಕೇಳಿದರು. ಬಸವಕುಮಾರ ಗಟ್ಟಿಯಾಗಿ ಓದುತ್ತ ಹೋದ. ಕೊನೆಯ ವಾಕ್ಯಕ್ಕೆ ಬಂದಾಗ ನಿಲ್ಲಿಸಿದ. ಅಷ್ಟರಲ್ಲಿ ದಾನೇಶ್ವರಿಗೆ ಕೇಳಿಸಿತ್ತು.

"ಯಾರೂ ಲಕ್ಷ್ಯ ಕೊಡವಲ್ರು ಅಂತ," ಎಂದು ಬಸವಕುಮಾರ ಹೆಂಡತಿಯ ಮುಖ ನೋಡಿದ. "ಏನ್ ಹೇಳಿದಿ ಅವಂಗ?"

ಅವಳು ಗುಳಿಗೆಯ ಚೀಲವನ್ನು ಟೇಬಲ್ಲಿನ ಮೇಲಿಟ್ಟಳು.

ರಕ್ತದ ವರದಿ ಬಂತು. ರಕ್ತದಲ್ಲಿನ ಉಪ್ಪಿನಂಶ, ಅಂದರೆ ಸೋಡಿಯಂ, ನೂರಾ ಹನ್ನೆರಡು. ನೂರಾ ಮೂವತ್ತೈದಕ್ಕಿಂತ ಮೇಲಿರಬೇಕಿತ್ತು. ಯಾರಿಗೂ ಗೊತ್ತಾಗದಂತೆ ಬಿದ್ದು ತಲೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದೆಂದು ಸ್ಕ್ಯಾನ್ ಕೂಡ ಮಾಡಿಸಿದರು. ಅದರಲ್ಲಿ ಏನೂ ಇರಲಿಲ್ಲ. ಮೂತ್ರದಲ್ಲಿ ಸೋಂಕೂ ಇರಲಿಲ್ಲ. ಡಾಕ್ಟರರು ತಾವು ಬರೆದ ಗುಳಿಗೆಯನ್ನು ತಿರುಗಿಸಿ ನೋಡಿದರು.

"ಈ ಗುಳಿಗಿಯೊಳಗ ಮೂತ್ರ ಜಾಸ್ತಿ ಮಾಡೋ ಔಷಧ ಸೇರೇದ. ಇದರಿಂದ ಒಬ್ಬೊಬ್ಬರಿಗೆ ಉಪ್ಪಿನಂಶ ಇಳೀತದ. ಆದ್ರ ಈ ಪರಿ ಇಳೀಬೇಕಂದ್ರ... ಮತ್ತ್ಯಾವ ಗುಳಿಗಿನೂ ಇಲ್ಲೇನು?"

"ಇಲ್ರಿ," ಎಂದ ಬಸವಕುಮಾರ.

"ಗಲ್ಲಾದಾಗ ಒಂದು ಡಬ್ಬಿ ಐತ್ರಿ," ಎಂದಳು ದಾನೇಶ್ವರಿ. "ಸೌದಿಯದು."

"ಅದು ಕಾಲಿನ ಗುಳಿಗಿ. ಬಿ.ಪಿ.ದಲ್ಲ," ಎಂದ ಗಂಡ.

"ತರ್ರಿ," ಎಂದರು ಡಾಕ್ಟರರು.

ಅದರ ಕತೆ ಇಷ್ಟು. ದಿನವಿಡೀ ಗಲ್ಲಾದಲ್ಲಿ ಕಾಲು ಇಳಿಬಿಟ್ಟು ಕೂತು ದೇವೇಂದ್ರಪ್ಪನ ಪಾದ ಬಾತುಕೊಳ್ಳುತ್ತಿತ್ತು. ವಿಡಿಯೋದಲ್ಲಿ ಅದನ್ನು ಕಂಡ ಗವಿಸಿದ್ದೇಶ ತನ್ನ ಸೂಪರ್‌ವೈಸರ್ ನುಂಗುವ ಗುಳಿಗೆಯ ಹೆಸರು ಬರೆದುಕೊಂಡು ಅಲ್ಲಿನ ಔಷಧ ಅಂಗಡಿಯಲ್ಲಿ ಕೊಂಡ. ಪಕ್ಕದ ಪಂಕ್ಚರ್ ಅಂಗಡಿಯ ಕಾಸೀಮಸಾಬನ ಮಗನೂ ಅಲ್ಲೇ ಕೆಲಸಕ್ಕಿದ್ದಾನೆ. ರಜೆಗೆ ಬರುವಾಗ ಖರ್ಜೂರದ ಜೊತೆ ಡಬ್ಬಿಯನ್ನೂ ತಂದುಕೊಟ್ಟ. ದೇವೇಂದ್ರಪ್ಪ ದಿನಾ ಬೆಳಿಗ್ಗೆ ಗಲ್ಲಾ ತೆರೆದು, ಅರಬ್ಬಿ ಅಕ್ಷರದ ಆ ಡಬ್ಬಿಯನ್ನು ಗಿರಾಕಿಗಳಿಗೆ ತೋರಿಸಿಯೇ ನುಂಗುತ್ತಿದ್ದ. "ನಮ್ಮ ಗವಿ ಕಳಿಸ್ಯಾನ. ಸೌದಿ ಮಾಲು." ಮೂರು ವಾರದಿಂದ ನಡೆದಿತ್ತು. ಗವಿಸಿದ್ದೇಶನ ಲೆಕ್ಕದಲ್ಲಿ ಅದು ಬಾವಿನ ಗುಳಿಗೆ. ಡಾಕ್ಟರರು ಕೇಳಿದ್ದು ರೋಗದ ಗುಳಿಗೆಯನ್ನು ಎಂದುಕೊಂಡಿದ್ದ.

ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿದ್ದ ಹೆಸರು ಓದಿ ಡಾಕ್ಟರರು ಎರಡನ್ನೂ ಪಕ್ಕಪಕ್ಕ ಇಟ್ಟರು.

"ಹೆಸರು ಬ್ಯಾರೆ, ಒಳಗಿನ ಔಷಧ ಒಂದ. ದಿನಾ ಎರಡೆರಡು ಸಲ ಹೋಗೇದ. ಉಪ್ಪೆಲ್ಲ ಮೂತ್ರದಾಗ ಹೋತು. ಮ್ಯಾಲ ಊಟ ಇಲ್ಲ."

"ನಾ ಉಪ್ಪು ಕಡಿಮಿ ಹಾಕಿದ್ದಕ್ಕ ಆತೇನ್ರಿ?" ದಾನೇಶ್ವರಿ ಕೇಳಿದಳು.

"ಅಲ್ಲವ್ವ. ಕಡಿಮಿ ಹಾಕು ಅಂತ ನಾನ ಹೇಳಿದ್ದೆ. ಅಷ್ಟರಿಂದ ಇಷ್ಟು ಇಳಿಯೂದಿಲ್ಲ."

ಇದನ್ನು ಕೇಳಿದವರು ಬಸವಕುಮಾರ ಮತ್ತು ಅವಳು, ಇಬ್ಬರೇ. ಡಾಕ್ಟರರು ಎರಡೂ ಗುಳಿಗೆ ನಿಲ್ಲಿಸಿ, ದೇವೇಂದ್ರಪ್ಪನನ್ನು ಸೇರಿಸಿಕೊಂಡು ಉಪ್ಪಿನಂಶ ಹೆಚ್ಚಿರುವ ಸಲೈನನ್ನು ಸ್ವಲ್ಪ ಸ್ವಲ್ಪವೇ ಏರಿಸಿದರು. ಉಪ್ಪಿನಂಶ ಬೇಗ ಏರಿದರೆ ಮೆದುಳಿಗೇ ಅಪಾಯ. ಹಾಗಾಗಿ ಮೇಲಿಂದ ಮೇಲೆ ರಕ್ತ ತೆಗೆದು ನೋಡುತ್ತಿದ್ದರು.

ಮೂರನೆಯ ದಿನ ದೇವೇಂದ್ರಪ್ಪ ಸೊಸೆಯನ್ನು ಹೆಸರು ಹಿಡಿದು ಕರೆದ. ಡಾಕ್ಟರರು ಮಂಚದ ಬಳಿ ಕೂತು ಎರಡು ಗುಳಿಗೆಯ ವಿಷಯ ಹೇಳಿದರು. ಮಗನಿಗೂ ತಿಳಿಸಲೇ ಎಂದು ಅವನನ್ನೇ ಕೇಳಿದರು. ಅವನು ಆಗಲಿ ಎಂದು ತಲೆಯಾಡಿಸಿದ. ಡಾಕ್ಟರರು ದಮ್ಮಾಮಿಗೆ ಬರೆದರು: ಸೋಡಿಯಂ ತೀರಾ ಇಳಿದಿತ್ತು, ಎರಡು ಗುಳಿಗೆಯಲ್ಲಿ ಒಂದೇ ಔಷಧ ಇತ್ತು, ಇನ್ನು ಮುಂದೆ ನಮ್ಮನ್ನು ಕೇಳದೆ ಏನೂ ಕಳಿಸಬೇಡಿ. ಗವಿಸಿದ್ದೇಶನಿಂದ ಕೈಮುಗಿದ ಚಿತ್ರ ಬಂತು. ಅಣ್ಣನಿಗೆ ಅವನು ಕಳಿಸಿದ್ದು ಬೇರೆ: "ಉಪ್ಪು ಕಡಿಮಿ ಆಗಿತ್ತಂತ. ವೈನಿಗೆ ಹೇಳು."

ಮರುದಿನ ಯಲಬುರ್ಗಾದಿಂದ ನಾದಿನಿ ಲಲಿತಾ ಬಂದಳು. ಉಪ್ಪಿನ ಮಾತು ಅವಳಿಗೂ ತಲುಪಿತ್ತು. ವಾರ್ಡಿನ ಬಾಗಿಲಲ್ಲೇ ಶುರು ಮಾಡಿದಳು.

"ಖಾನಾವಳಿ ಮಾಲೀಕಗ ಉಪ್ಪು ಕಡಿಮಿ ಬಿದ್ದದ್ದು ನಮ್ಮ ಮನ್ಯಾಗ ಅಷ್ಟ ನೋಡು. ಊರಿಗೆಲ್ಲ ಉಪ್ಪು ಹಾಕೂದು, ಹೆತ್ತಪ್ಪನಂಥ ಮಾವಗ ಸಪ್ಪನ ಪಲ್ಯ."

"ಗುಳಿಗಿದಿಂದ ಆತು ಅಂದಾರ ಮೇಡಮ್ಮಾರು," ಎಂದಳು ದಾನೇಶ್ವರಿ.

"ಯಾವ ಗುಳಿಗಿ?"

ದಾನೇಶ್ವರಿ ಗಂಡನನ್ನು ನೋಡಿದಳು. ಬಸವಕುಮಾರ ಕಿಟಕಿಯ ಹೊರಗೆ ನೋಡುತ್ತಿದ್ದ. ಆಮೇಲೆ ಮೆಟ್ಟಿಲ ಬಳಿ ಅವಳಿಗೆ ಹೇಳಿದ: "ಗವಿ ದೂರ ಅದಾನ. ಅಪ್ಪನ್ನ ನಾನ ಕೊಲ್ಲತಿದ್ದೆ ಅಂತ ಮನಸಿಗೆ ಹಚ್ಚಿಕೊಂಡ್ರ ಏನ್ ಮಾಡೂದು? ನೀ ಇಲ್ಲೇ ಇರಾಕಿ, ತಡಕೋತಿ."

ಮನೆಗೆ ಹೋಗುವ ಹಿಂದಿನ ದಿನ ದಾನೇಶ್ವರಿ ಮಾವನಿಗೆ ಗಂಜಿ ಕುಡಿಸುತ್ತ ಒಂದು ಮಾತು ಕೇಳಿದಳು.

"ಮಾಮಾ, ಮಂದಿ ತಪ್ಪು ನನ್ನ ಉಪ್ಪಿನ ಮ್ಯಾಲ ಹಾಕ್ಯಾರ. ನೀವು ಒಂದ ಸಲ ಹೇಳ್ರಿ. ಗವಿ ಹೆಸರು ತಗೀಬ್ಯಾಡ್ರಿ. ಸೊಸಿದಲ್ಲ ಅಂತ ಅಷ್ಟ ಹೇಳ್ರಿ."

"ಹೂಂ," ಎಂದ ದೇವೇಂದ್ರಪ್ಪ. ತಲೆ ನೆಟ್ಟಗಿತ್ತು. ಅವನಿಗೆ ಎಲ್ಲವೂ ಅರ್ಥವಾಗಿತ್ತು.

ಹದಿನೈದು ದಿನದ ಮೇಲೆ ಅವನು ಮತ್ತೆ ಗಲ್ಲಾದಲ್ಲಿ ಕೂತ. ಮಧ್ಯಾಹ್ನ ಟೇಬಲ್ಲುಗಳು ತುಂಬಿದ್ದವು. ಸಾಣಾಪುರದಿಂದ ಬರುವ ಹಳೆಯ ಗಿರಾಕಿಯೊಬ್ಬ ಕೈ ತೊಳೆದು ಬಂದು ನಗುತ್ತ ಕೇಳಿದ:

"ಏನ್ರಿ ಮಾಲಕ್ರ, ಸೊಸಿ ಉಪ್ಪು ಹಾಕದ ಮಲಗಿಸಿಬಿಟ್ಟಿದ್ಲಂತ?"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಸೌದಿಯ ಡಬ್ಬಿ ತಂದ ಹುಡುಗನ ತಂದೆ, ಪಕ್ಕದಂಗಡಿಯ ಕಾಸೀಮಸಾಬ, ಬಾಗಿಲಲ್ಲಿ ನಿಂತಿದ್ದ. ದೇವೇಂದ್ರಪ್ಪ ಅವನನ್ನು ನೋಡಿದ, ಗಿರಾಕಿಯನ್ನು ನೋಡಿದ, ಗಲ್ಲಾ ಮುಚ್ಚಿದ.

"ನನ್ನ ಮಗ ಸೌದಿಯಾಗ ಕುಂತು ರೋಗ ಕಂಡುಹಿಡದ ನೋಡ್ರಿ. ಇಲ್ಲಾಂದ್ರ ಹೋಗಿಬಿಡತಿದ್ದೆ," ಎಂದ. ಆಮೇಲೆ ಒಳಗೆ ಕೇಳಿಸುವಂತೆ ದನಿ ಎತ್ತಿದ. "ದಾನವ್ವ, ಇವತ್ತು ಉಪ್ಪು ನೋಡಿ ಹಾಕವ್ವ."

ಗಿರಾಕಿಗಳು ನಕ್ಕರು. ದಾನೇಶ್ವರಿ ಉಪ್ಪಿನ ಡಬ್ಬಿ ತಂದು, ಮುಚ್ಚಳ ತೆಗೆದು, ಮಾವನ ತಟ್ಟೆಯ ಪಕ್ಕ ಇಟ್ಟಳು.

"ನೀವ ಹಾಕ್ಕೋರಿ," ಎಂದಳು.

ಅಂದಿನಿಂದ ಅವನ ಪಲ್ಯಕ್ಕೆ ಅವಳು ಉಪ್ಪು ಹಾಕುವುದಿಲ್ಲ. ದೇವೇಂದ್ರಪ್ಪ ಎಲ್ಲರೆದುರು ತಾನೇ ಹಾಕಿಕೊಳ್ಳುತ್ತಾನೆ. ಅದನ್ನು ನೋಡಿದ ಹೊಸಬರು ಏನೆಂದು ಕೇಳಿದರೆ, ಹಳೆಯ ಗಿರಾಕಿಗಳು ಅವರಿಗೆ ಉಪ್ಪು ಹಾಕದೆ ಮಾವನನ್ನು ಮಲಗಿಸಿದ ಸೊಸೆಯ ಕತೆ ಹೇಳುತ್ತಾರೆ.