ಮೇಲ್‌ನ ಕೊನೆಯ ಸಾಲು

ಚಾಮರಾಜಪೇಟೆಯ ಸಿಹಿತಿಂಡಿ ಅಂಗಡಿಯೊಂದಕ್ಕೆ ಸಾಮಾನು ತರಿಸುವ ಗಿರಿಜಾಂಬಾ ಅವರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಹಾಗೆಂದು ಗೊತ್ತಿದ್ದೇ ಅವರೊಂದು ರೂಢಿ ಇಟ್ಟುಕೊಂಡಿದ್ದರು. ಯಾರಿಗಾದರೂ ಖಾರವಾಗಿ ಮೇಲ್ ಬರೆದರೆ, ಕಳಿಸುವ ಮೊದಲು ಫೋನ್ ಮಾಡಿ, "ಒಂದು ಮೇಲ್ ಬರುತ್ತೆ, ಮನಸ್ಸಿಗೆ ಹಚ್ಕೋಬೇಡಿ" ಅನ್ನುತ್ತಿದ್ದರು.

ಶ್ರೀರಾಂಪುರದಿಂದ ಬರಬೇಕಾದ ರಟ್ಟಿನ ಡಬ್ಬಗಳು ಆ ತಿಂಗಳು ಮೂರನೇ ಸಲ ತಡವಾದವು. ಮದುವೆ ಮನೆಯ ಮೈಸೂರು ಪಾಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೊಟ್ಟು ಬೈಸಿಕೊಂಡ ಗಿರಿಜಾಂಬಾ, ಫೋನ್ ಮುಟ್ಟದೆ ನೇರ ಡಬ್ಬದ ಕಾರ್ಖಾನೆಯ ಮಾಲೀಕರಿಗೇ ಬರೆದರು. ಹದಿನೆಂಟು ವರ್ಷದಿಂದ ಆ ಕಾರ್ಖಾನೆಯಲ್ಲಿ ಇವರ ಆರ್ಡರ್ ನೋಡಿಕೊಳ್ಳುತ್ತಿದ್ದ ಶಿವಲಿಂಗಯ್ಯನಿಗೂ ಒಂದು ಪ್ರತಿ ಹಾಕಿದರು. ಮೂರು ಆರ್ಡರಿನ ಸಂಖ್ಯೆ, ಒಪ್ಪಿದ ದಿನ, ಬಂದ ದಿನ ಎಲ್ಲ ಬರೆದು, ಮುಂದಿನ ಡೆಲಿವರಿಗೆ ಖಚಿತ ದಿನಾಂಕ ಕೇಳಿದರು. ಸಂಬಂಧ ಕೆಡಬಾರದೆಂದು ಕೊನೆಗೊಂದು ಸಾಲು ಸೇರಿಸಿದರು: "ಶಿವಲಿಂಗಯ್ಯನವರು ನಮ್ಮ ಮನೆಯವರ ಹಾಗೆ. ಅವರ ಮುಖ ನೋಡಿಯೇ ಇಷ್ಟು ದಿನ ಸುಮ್ಮನಿದ್ದೆವು."

ಮಾರನೆಯ ದಿನವೇ ಮಾಲೀಕರು ಉತ್ತರಿಸಿದರು. ತಡವಾದದ್ದನ್ನು ಶಿವಲಿಂಗಯ್ಯ ನಮಗೆ ಹೇಳಿರಲೇ ಇಲ್ಲ, ಕ್ಷಮಿಸಿ, ಇನ್ನು ನಿಮ್ಮ ಆರ್ಡರನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ಅಲ್ಲಿಂದೀಚೆಗೆ ಡಬ್ಬಗಳು ಒಂದು ದಿನವೂ ತಪ್ಪಿಲ್ಲ.

ವಾರ ಕಳೆದ ಮೇಲೆ ಗಿರಿಜಾಂಬಾ ಫೋನ್ ಮಾಡಿದರು. "ಶಿವಲಿಂಗಯ್ಯ, ಮೊದಲೇ ನಿಮಗೆ ಹೇಳ್ಬೇಕಿತ್ತು ನಾನು."

"ಇರ್ಲಿ ಬಿಡಿ ಅಕ್ಕ," ಎಂದ ಆತ. "ನನ್ನ ಬಗ್ಗೆ ಒಳ್ಳೇದೇ ಬರ್ದಿದ್ರಿ. ಮಾಲೀಕ್ರು ನನ್ನ ಕೂರಿಸ್ಕೊಂಡು ಆ ಸಾಲನ್ನೇ ಎರಡು ಸಲ ಓದಿದ್ರು."