ಟ್ಯೂಬಿನಲ್ಲಿ ಉಳಿದ ಇಪ್ಪತ್ತು ಎಂಎಲ್

ಐಸಿಯುವಿನ ಹೆಡ್ ನರ್ಸಿಗೆ ಇಡೀ ಆಸ್ಪತ್ರೆ ಇಟ್ಟ ಹೆಸರು ಪಂಪಕ್ಕ. ಒಂಬತ್ತು ಹಾಸಿಗೆಗೆ, ಔಷಧಿಯನ್ನು ಅಳೆದು ರಕ್ತನಾಳಕ್ಕೆ ಹರಿಸುವ ಇನ್‌ಫ್ಯೂಷನ್ ಪಂಪು ಐದೇ. ಅವುಗಳಿಗಾಗಿ ಆಕೆ ಹೂಡಿದ ಯುದ್ಧಗಳನ್ನು ಬರೆದರೆ ಒಂದು ಮಹಾಕಾವ್ಯವಾದೀತು. ಒಮ್ಮೆ ಆಪರೇಷನ್ ಥಿಯೇಟರಿಗೆ ನುಗ್ಗಿ, ಸರ್ಜನ್ ಕಣ್ಣೆದುರೇ ಒಂದು ಪಂಪನ್ನು ಎದೆಗವಚಿಕೊಂಡು ಹೊರಬಂದ ವೀರಾಗ್ರಣಿ ಆಕೆ.

ಯುದ್ಧಕ್ಕೆ ಕಾರಣ ಪಿಪ್‌ಟಾಜ್ ಎಂಬ ಆಂಟಿಬಯಾಟಿಕ್. ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್ ಎಂದು ಪೂರ್ತಿ ಹೇಳುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇಲ್ಲ. ಹಿಂದೆ ಅದನ್ನು ಅರ್ಧ ಗಂಟೆಯಲ್ಲಿ ಹರಿಸಿ ಕೈತೊಳೆದುಕೊಳ್ಳುತ್ತಿದ್ದರು. ಆದರೆ ಈ ಔಷಧಿ ಒಮ್ಮೆಗೆ ಎಷ್ಟು ಏರಿತು ಎನ್ನುವುದಕ್ಕಿಂತ, ರಕ್ತದಲ್ಲಿ ಸಾಕಷ್ಟು ಮಟ್ಟದಲ್ಲಿ ಎಷ್ಟು ಹೊತ್ತು ನಿಂತಿತು ಎನ್ನುವುದೇ ಮುಖ್ಯ. ಹಾಗಾಗಿ ಹೊಸ ಪದ್ಧತಿ ಬಂತು: ಮೊದಲ ಡೋಸ್ ಅರ್ಧ ಗಂಟೆಯಲ್ಲಿ, ಆಮೇಲಿನದೆಲ್ಲ ಎಂಟು ಗಂಟೆಗೊಮ್ಮೆ, ಒಂದೊಂದೂ ನಾಲ್ಕು ಗಂಟೆ ನಿಧಾನಕ್ಕೆ. ಪಂಪಕ್ಕ ಕಾನೂನನ್ನೇ ಹೊರಡಿಸಿದಳು. ನೂರು ಎಂಎಲ್ ಬ್ಯಾಗು ಖಾಲಿಯಾಗಿ ಪಂಪು ಬೀಪ್ ಅಂದ ಕೂಡಲೇ ಟ್ಯೂಬು ಕಿತ್ತು ಕಸದ ಡಬ್ಬಿಗೆ, ಪಂಪು ಪಕ್ಕದ ಹಾಸಿಗೆಗೆ. ಒಂದು ನಿಮಿಷ ತಡವಾದರೂ ಬೈಗುಳದ ಅಭಿಷೇಕ.

ಐದನೇ ಹಾಸಿಗೆಗೆ ಬಂದವರು ಲಿಫ್ಟ್ ಮಾಮ. ಇದೇ ಆಸ್ಪತ್ರೆಯ ಲಿಫ್ಟಿನಲ್ಲಿ ಸ್ಟೂಲು ಹಾಕಿಕೊಂಡು ಮೂವತ್ತು ವರ್ಷ ಕೂತು ನಿವೃತ್ತರಾದವರು. ಪಂಪಕ್ಕ ಕೆಲಸಕ್ಕೆ ಸೇರಿದ ಮೊದಲ ದಿನ ಅವಳನ್ನು ನೋಡಿ, "ಮಗಳೇ, ಎರಡನೇ ಮಹಡಿ ಐಸಿಯುಗೆ ಬರೋರು ಎರಡೇ ಥರ, ಮಲಗಿರೋರು, ಓಡ್ತಿರೋರು. ನೀನು ಓಡೋ ಜಾತಿ" ಎಂದಿದ್ದರು. ಈಗ ಅವರೇ ಮಲಗಿದ್ದರು. ಶ್ವಾಸಕೋಶದ ತುಂಬ ಸೋಂಕು, ಬಾಯಲ್ಲಿ ವೆಂಟಿಲೇಟರ್ ಕೊಳವೆ, ಕೈಗೆ ಪಿಪ್‌ಟಾಜ್.

"ಮಾಮನ್ನ ಲಿಫ್ಟಲ್ಲೇ ಕೆಳಗೆ ಕಳಿಸ್ತೀನಿ, ಕೂರಿಸ್ಕೊಂಡು. ನೋಡ್ತಿರಿ ಅತ್ತೆ" ಎಂದು ಅವರ ಹೆಂಡತಿಗೆ ಮಾತು ಕೊಟ್ಟಳು ಪಂಪಕ್ಕ.

"ಮಲಗಿಸಿ ಕಳಿಸಬೇಡ ಅಷ್ಟೇ. ಆ ಸ್ಟೂಲ್ ಬಿಟ್ಟು ಬೇರೆ ಕಡೆ ಅವ್ರಿಗೆ ನಿದ್ದೆ ಬರಲ್ಲ" ಎಂದರು ಅತ್ತೆ.

ಮೂರು ದಿನವಾದರೂ ಜ್ವರ ಇಳಿಯಲಿಲ್ಲ, ಮಾಮ ದಿನೇ ದಿನೇ ಕುಸಿಯುತ್ತಿದ್ದರು. ನಾಲ್ಕನೇ ದಿನ ಮಧ್ಯಾಹ್ನ ಬೀಪ್ ಆಯಿತು. ಪಂಪಕ್ಕ ಎಂದಿನ ಶೌರ್ಯದಿಂದ ಟ್ಯೂಬು ಕಿತ್ತಳು. ಅದು ಮಂಚದ ಕಂಬಿಗೆ ಸಿಕ್ಕಿಕೊಂಡು ಅವಳ ಬಿಳಿ ಬೂಟಿನ ಮೇಲೆ ತೊಟ್ಟಿಕ್ಕತೊಡಗಿತು. ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು. ತೊಟ್ಟಿಕ್ಕುವುದು ನಿಲ್ಲಲೊಲ್ಲದು. ಒಂದು ಸಿರಿಂಜ್ ತಂದು ಟ್ಯೂಬಿನಲ್ಲಿ ಉಳಿದದ್ದನ್ನೆಲ್ಲ ಎಳೆದಳು. ಇಪ್ಪತ್ತು ಎಂಎಲ್ ಇತ್ತು.

ನೂರರಲ್ಲಿ ಇಪ್ಪತ್ತು. ಹಳೆಯ ಪದ್ಧತಿಯಲ್ಲಿ ಔಷಧಿ ಸಲೈನ್ ಲೈನಿಗೇ ಸೇರುತ್ತಿತ್ತು, ಹಿಂದಿನಿಂದ ಬರುವ ಸಲೈನು ಕೊನೆಯ ಹನಿಯನ್ನೂ ಒಳಕ್ಕೆ ತಳ್ಳುತ್ತಿತ್ತು. ಈಗ ಪಂಪಿಗೆಂದೇ ಹಾಕುವ ಪ್ರತ್ಯೇಕ ಟ್ಯೂಬಿಗೆ ಹಿಂದಿನಿಂದ ತಳ್ಳುವವರಿಲ್ಲ. ಒಂಬತ್ತು ಡೋಸುಗಳಲ್ಲಿ ಹತ್ತಿರ ಹತ್ತಿರ ಎರಡು ಡೋಸನ್ನು ಕಸದ ಡಬ್ಬಿಗೆ ಕೊಟ್ಟಾಗಿತ್ತು. ಆ ಡಬ್ಬಿಗೆ ಮಾತ್ರ ಇನ್ನು ಯಾವ ಸೋಂಕಿನ ಭಯವೂ ಇಲ್ಲ.

ಡಾಕ್ಟರಿಗೆ ಸಿರಿಂಜ್ ತೋರಿಸಿದಳು. ಅವರು ಅದನ್ನು ಬೆಳಕಿಗೆ ಹಿಡಿದು ಗೆರೆ ಎಣಿಸಿದರು.

"ನನಗೂ ಹೊಳೀಲಿಲ್ಲ ಸಿಸ್ಟರ್. ಇನ್ಮೇಲೆ ಬ್ಯಾಗ್ ಮುಗಿದ ಮೇಲೆ ಅದೇ ಟ್ಯೂಬಲ್ಲಿ, ಅದೇ ವೇಗಕ್ಕೆ ಸಲೈನ್ ಬಿಡಿ."

"ಇದೆಲ್ಲ ಒಳಗೆ ಹೋಗಿದ್ರೆ ಮಾಮ ಉಳೀತಿದ್ರಾ ಸರ್?"

"ಹೌದು ಅಂತ ಹೇಳೋಕಾಗಲ್ಲ. ಇಲ್ಲ ಅಂತಾನೂ ಹೇಳೋಕಾಗಲ್ಲ. ಈಗ ಬಿಪಿ ನಿಲ್ತಿಲ್ಲ, ಕಿಡ್ನಿ ಕೈಕೊಟ್ಟಿದೆ. ಅತ್ತೆಯವರನ್ನ ಕರೀರಿ."

ಥಿಯೇಟರಿಗೆ ನುಗ್ಗಿದ ಕಾಲುಗಳು ಬಾಗಿಲವರೆಗೆ ಹೋಗಲು ತುಂಬ ಸಮಯ ತೆಗೆದುಕೊಂಡವು. ಪಂಪಕ್ಕ ಎಲ್ಲವನ್ನೂ ಹೇಳಿದಳು: ಟ್ಯೂಬು, ಇಪ್ಪತ್ತು ಎಂಎಲ್, ಕಾನೂನು ತನ್ನದೇ ಎನ್ನುವುದು.

ಅತ್ತೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೇಳಿದರು. "ಅವ್ರು ಒಂದಿನಾನೂ ಯಾರನ್ನೂ ಮಧ್ಯದಲ್ಲಿ ಇಳಿಸಿದವರಲ್ಲ ಕಣೇ" ಎಂದರು. ಸೆರಗು ಬಿಟ್ಟು, "ನೀನು ಹೇಳದೇ ಇದ್ದಿದ್ರೆ ನಂಗೇನು ಗೊತ್ತಾಗ್ತಿತ್ತು?"

"ಏನೂ ಇಲ್ಲ."

"ಮತ್ಯಾಕೆ ಹೇಳ್ದೆ?"

ಹದಿನೈದು ವರ್ಷ ಯಾರಿಗೂ ಕೊನೆಯ ಮಾತು ಬಿಟ್ಟುಕೊಡದ ಪಂಪಕ್ಕ ಅತ್ತೆಯ ಕೈ ಹಿಡಿದು ಐದನೇ ಹಾಸಿಗೆಯತ್ತ ಕರೆದುಕೊಂಡು ಹೋದಳು.

ಮುಂದಿನ ಡೋಸ್ ಸಂಜೆಗೆ ಬರಬೇಕಿತ್ತು. ಮಾಮ ಅಲ್ಲಿಯವರೆಗೆ ಕಾಯಲಿಲ್ಲ. ಸ್ಟ್ರೆಚರ್ ಲಿಫ್ಟಿನೊಳಗೆ ಹೋದಾಗ ಆ ಹಳೆಯ ಸ್ಟೂಲನ್ನು ಮೂಲೆಗೆ ಸರಿಸಬೇಕಾಯಿತು, ಇಲ್ಲದಿದ್ದರೆ ಜಾಗ ಸಾಲದು. ಅತ್ತೆ ಸ್ಟೂಲಿನ ಮೇಲೆ ಕೂತರು. ಪಂಪಕ್ಕ ಹೊರಗಿನಿಂದ ಬಾಗಿಲೆಳೆದಳು.

ಐಸಿಯುವಿನೊಳಗೆ ಎರಡನೇ ಹಾಸಿಗೆಯ ಪಂಪು ಬೀಪ್ ಎಂದಿತು. ಟ್ಯೂಬು ಕೀಳಲು ಯಾರೋ ಓಡಿದರು. "ಮುಟ್ಟಿದ್ರೆ ಕೈ ಮುರೀತೀನಿ!" ಎಂದು ಕೂಗುತ್ತಾ ಪಂಪಕ್ಕ ಸಲೈನ್ ಬ್ಯಾಗು ಹಿಡಿದು ಓಡಿದಳು. ಆ ದನಿಗೆ ಹೆದರಬೇಕೋ ನಗಬೇಕೋ ಅಲ್ಲಿದ್ದವರಿಗೆ ತಿಳಿಯಲಿಲ್ಲ, ಅದು ನಡುವೆ ಒಡೆದುಹೋಗಿತ್ತು.