ಸಾಲಿನ ಕೊನೆಯಿಂದ ಓದುವ ರೂಪಾಲಿ

ಅಂಕೋಲೆಯ ಬಸ್ ನಿಲ್ದಾಣದಿಂದ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ರೂಪಾಲಿಯ ಡಿಟಿಪಿ ಅಂಗಡಿ ಇದೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಮೂರು ಪ್ಲಾಸ್ಟಿಕ್ ಕುರ್ಚಿ. ನಾಲ್ಕನೆಯವರು ಬಂದರೆ ಮೆಟ್ಟಿಲ ಮೇಲೆ ಕೂರಬೇಕು. ನಾನು ಓಡಾಡುವ ಚಳವಳಿಗಳ ಕರಪತ್ರಗಳೆಲ್ಲ ಇಲ್ಲೇ ಹುಟ್ಟಿದವು. ನಮ್ಮ ಬೇಡಿಕೆಗಳಲ್ಲಿ ಈಡೇರಿದ್ದು ಕಡಿಮೆ, ಆದರೆ ಕಾಗುಣಿತ ತಪ್ಪಿದ ಬೇಡಿಕೆ ಒಂದೂ ಇಲ್ಲ. ಆ ಶ್ರೇಯಸ್ಸು ರೂಪಾಲಿಯದು.

ಆಕೆಯ ಊರು ದೇವಬಾಗ. ಅಪ್ಪ ದೋಣಿಯವನು, ಮನೆಮಾತು ಕೊಂಕಣಿ. ಹತ್ತನೆಯಲ್ಲಿ ಕನ್ನಡವೊಂದರಲ್ಲೇ ಫೇಲಾದಳು. ಮತ್ತೆ ಪರೀಕ್ಷೆ ಕಟ್ಟಿ ಪಾಸಾಗುವ ತನಕ ಸುಮ್ಮನೆ ಕೂರುವುದೇಕೆಂದು ಕಾರವಾರದ ಒಂದು ಮುದ್ರಣಾಲಯಕ್ಕೆ ಸೀಸದ ಅಕ್ಷರದ ಮೊಳೆ ಜೋಡಿಸಲು ಸೇರಿಕೊಂಡಳು. ಅದರ ಯಜಮಾನ ತುಳಸಿದಾಸ ಬಾಯಿ ತೆರೆದರೆ ಬೈಗುಳ ಬಿಟ್ಟು ಬೇರೆ ಬಾರದ ಮನುಷ್ಯ. ಆದರೆ ಕರಡು ತಿದ್ದುವುದನ್ನು ಕಲಿಸಿದ. ಮುಂದಿನಿಂದ ಓದಿದರೆ ಕಣ್ಣು ಕಥೆಯ ಹಿಂದೆ ಓಡುತ್ತದೆ, ತಪ್ಪಿನ ಮೇಲೆ ನಿಲ್ಲುವುದಿಲ್ಲ. ಅದಕ್ಕೆ ಸಾಲಿನ ಕೊನೆಯಿಂದ ಹಿಂದಕ್ಕೆ ಬಾ ಎಂದು ಹೇಳಿಕೊಟ್ಟ. ಮೊಳೆಗಳು ಗುಜರಿಗೆ ಹೋದವು, ಮುದ್ರಣಾಲಯ ಮುಚ್ಚಿತು, ರೂಪಾಲಿ ಮದುವೆಯಾಗಿ ಅಂಕೋಲೆಗೆ ಬಂದಳು. ಓದುವ ಚಾಳಿ ಮಾತ್ರ ಹಾಗೇ ಉಳಿಯಿತು. ಈಗ ವಯಸ್ಸು ನಲವತ್ತೇಳು, ಇವತ್ತಿಗೂ ಮದುವೆಯ ಕರೆಯೋಲೆಯನ್ನು "ಕೋರುವ" ಎಂಬಲ್ಲಿಂದ ಶುರುಮಾಡಿ ಗಣಪತಿಯ ಕಡೆಗೆ ಹೋಗುತ್ತಾಳೆ.

ಕನ್ನಡ ವಾಕ್ಯದ ಕೊನೆಯಲ್ಲಿ ಸಾಮಾನ್ಯವಾಗಿ ಕ್ರಿಯಾಪದ ಇರುತ್ತದೆ. ಹೀಗಾಗಿ ರೂಪಾಲಿಗೆ ಮೊದಲು ಸಿಗುವುದು ನಡೆದ ಕೆಲಸ. ಯಾರು, ಏನನ್ನು, ಎಲ್ಲಿಂದ ಎಂಬ ಹೆಸರುಗಳು ಆಮೇಲೆ ಒಂದೊಂದಾಗಿ ಬಂದು ಆ ಕೆಲಸಕ್ಕೆ ತಮ್ಮ ನಂಟು ಹೇಳಿಕೊಳ್ಳಬೇಕು. ಇದು ವ್ಯಾಕರಣ ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

ತಾಲೂಕಿನ ಕನ್ನಡ ಶಿಕ್ಷಕರ ಬಳಗ ಹತ್ತನೆಯ ತರಗತಿಗೆ ನಡೆಸುವ ಅಭ್ಯಾಸ ಪರೀಕ್ಷೆಯ ಪ್ರಶ್ನೆಪತ್ರಿಕೆ, ಅದರ ಉತ್ತರ ಸೂಚಿ ಎರಡೂ ಹದಿನೆಂಟು ವರ್ಷಗಳಿಂದ ಈ ಅಂಗಡಿಯಲ್ಲೇ ಟೈಪಾಗುತ್ತಿವೆ. ಒಂದು ಪ್ರಶ್ನೆ ಹೊರಗೆ ಹೋಗಿಲ್ಲ. ಸ್ವಂತ ಮಗಳು ಹತ್ತನೆಯಲ್ಲಿದ್ದ ವರ್ಷ ರೂಪಾಲಿ ತಾನಾಗಿಯೇ ಪತ್ರಿಕೆ ಬೇಡವೆಂದಿದ್ದಳು. ಈ ನಂಬಿಕೆಗೆ ಇರುವುದು ಒಂದೇ ಕಟ್ಟಳೆ: ಕೊಟ್ಟದ್ದನ್ನು ಕೊಟ್ಟ ಹಾಗೆ ಟೈಪ್ ಮಾಡಬೇಕು. ಕಳೆದ ಡಿಸೆಂಬರಿನಲ್ಲಿ ಆಕೆ ಅದನ್ನು ಮುರಿದಳು.

ಗೊತ್ತಾದದ್ದು ಒಂದು ಶನಿವಾರ ಮಧ್ಯಾಹ್ನ. ನಾನು ಹೆದ್ದಾರಿ ಅಗಲೀಕರಣದ ಮನವಿಯ ಕರಡು ನೋಡುತ್ತ ಕೂತಿದ್ದೆ. ಮೂವರು ಮೆಟ್ಟಿಲು ಹತ್ತಿ ಬಂದರು. ಬಳಗದ ಅಧ್ಯಕ್ಷ ಬೊಮ್ಮಯ್ಯ ಮಾಸ್ತರು, ನಿವೃತ್ತಿಗೆ ಎರಡು ವರ್ಷ ಬಾಕಿ ಇರುವವರು. ಪ್ರಶ್ನೆಪತ್ರಿಕೆ ಬರೆದ ಶ್ರೀಕಾಂತ ಸರ್, ಭಟ್ಟರ ಮನೆತನದವರು. ಬಾಳೆಗುಳಿ ಹತ್ತಿರದ ಶಾಲೆಯಲ್ಲಿ ಕನ್ನಡ ಕಲಿಸುವ ನಮಿತಾ ಅಕ್ಕೋರು. ಕುರ್ಚಿ ಸಾಲದೆ ನಾನು ಮೆಟ್ಟಿಲಿಗೆ ಹೋದೆ.

ಶ್ರೀಕಾಂತ ಸರ್ ಎರಡು ಹಾಳೆ ಮೇಜಿನ ಮೇಲೆ ಇಟ್ಟರು. ಒಂದು ಅವರ ಕೈಬರಹದ ಉತ್ತರ ಸೂಚಿ, ಇನ್ನೊಂದು ಅಚ್ಚಾಗಿ ಶಾಲೆಗಳಿಗೆ ಹೋದದ್ದು.

"ರೂಪಾಲಿ ಬಾಯಿ, ಮೂರು ಉತ್ತರ ಬೇರೆ ಇದ್ದು. ನೀವು ಟೈಪ್ ಮಾಡೂದಾ, ಪಾಠ ಮಾಡೂದಾ?"

"ಬದಲು ಮಾಡಿದ್ದು ನಾನೇ ಸರ್," ಎಂದಳು ರೂಪಾಲಿ. ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

ನಮಿತಾ ಅಕ್ಕೋರಿಗೆ ಬೇರೆಯೇ ಸಂಕಟ. "ನಮ್ಮ ಮಕ್ಳು ಶ್ರೀಕಾಂತ ಸರ್ ಟಿಪ್ಪಣಿ ಬಾಯಿಪಾಠ ಮಾಡಿ ಬರದ್ರು. ಸೂಚಿ ನೋಡ್ಕಂಡು ನಾನು ಮಾರ್ಕ್ ಕಡ್ದೆ. ಹುಡುಗ್ರೆಲ್ಲ ನಂಗೇ ಜಗಳಕ್ಕೆ ಬಂದ್ರು. ಯಾವ್ದು ಸರಿ ಹೇಳಿ, ನಾ ಬಸ್ಸಿಗೆ ಹೋಗ್ಬೇಕು."

ಆ ಟಿಪ್ಪಣಿ ಒಂದು ಪುಟದ್ದು, ತಾಲೂಕಿನಲ್ಲೆಲ್ಲ ಹೆಸರುವಾಸಿ. ಪದದ ಬಾಲ ನೋಡು, ಗುರುತು ಹಾಕು: ಇಂದ ಇದ್ದರೆ ತೃತೀಯಾ, ಗೆ ಇದ್ದರೆ ಚತುರ್ಥಿ, ಬಾಲವೇ ಇಲ್ಲದಿದ್ದರೆ ಪ್ರಥಮಾ. ಪರೀಕ್ಷೆಯಲ್ಲಿ ಸಮಯ ಉಳಿಯುತ್ತದೆ, ಮಕ್ಕಳಿಗೆ ಖುಷಿ. ಶ್ರೀಕಾಂತ ಸರ್ ಕೆಟ್ಟವರಲ್ಲ. ರಜೆಯಲ್ಲೂ ಮಕ್ಕಳನ್ನು ಕೂರಿಸಿಕೊಂಡು ಹೇಳಿಕೊಡುವವರು. ತಾವು ಮಾಡಿದ ಅಡ್ಡದಾರಿಯ ಮೇಲೆ ಅವರಿಗೆ ತುಸು ಹೆಚ್ಚೇ ಪ್ರೀತಿ.

ಬೊಮ್ಮಯ್ಯ ಮಾಸ್ತರು ಕನ್ನಡಕ ಏರಿಸಿದರು. "ಸೂಚಿ ತಿದ್ದೂ ಅಧಿಕಾರ ನಿಂಗೆ ಯಾರು ಕೊಟ್ರು ತಂಗಿ? ಇವತ್ತು ಉತ್ತರ ಮುಟ್ಟಿದವ್ಳು ನಾಳೆ ಪ್ರಶ್ನೆ ಮುಟ್ಟೂದಿಲ್ಲ ಅಂತ ಬಳಗದವ್ರಿಗೆ ನಾ ಹ್ಯಾಂಗೆ ಹೇಳ್ಲಿ? ಪೇಪರ್ ಟೈಪಿಗೆ ಕುಮಟೆಗೆ ಕೊಡುವ ಅಂತ ಈಗ್ಲೇ ಫೋನು ಬರ್ತೇ ಅದೆ."

ರೂಪಾಲಿಯ ಮುಖ ಇಳಿಯಿತು. ಒಂದು ಪತ್ರಿಕೆ ಹೋದರೆ ಅಂಗಡಿ ಮುಚ್ಚುವುದಿಲ್ಲ. ಆದರೆ ಪೇಪರ್ ಮುಟ್ಟಿದವಳು ಎಂಬ ಹೆಸರು ಸಣ್ಣ ಪೇಟೆಯಲ್ಲಿ ಅಂಟಿದರೆ ಬಿಡಿಸಲು ಯಾವ ಸಾಬೂನೂ ಇಲ್ಲ. ಹದಿನೆಂಟು ವರ್ಷ ಬಾಯಿ ಮುಚ್ಚಿಕೊಂಡು ಗಳಿಸಿದ್ದು ಆ ನಂಬಿಕೆಯೊಂದೇ.

"ಸರ್‌ಗೆ ಫೋನ್ ಮಾಡಿದ್ದೆ," ಎಂದಳು. "ಎರಡು ಸಲ."

"ಮಾಡಿದ್ರು," ಎಂದರು ಶ್ರೀಕಾಂತ ಸರ್. "ನಾ ಮದುವೆ ಮನೇಲಿದ್ದೆ. ಇದ್ದ ಹಾಗೇ ಟೈಪ್ ಮಾಡಿ ಅಂದೆ."

"ಅಂದ್ರಿ. ನಾನು ಮಾಡ್ಲಿಲ್ಲ. ಅದು ನನ್ ತಪ್ಪು. ಆದ್ರೆ ಉತ್ರ ಒಂದ್ಸಲ ನೋಡಿ, ಆಮೇಲೆ ಪೇಪರ್ ಯಾರಿಗೆ ಬೇಕಾದ್ರೂ ಕೊಡಿ."

ಪ್ರಶ್ನೆಗಳ ಮೇಲೆ ಶ್ರೀಕಾಂತ ಸರ್ ತಾವೇ ಬರೆದಿದ್ದ ಸೂಚನೆ ಹೀಗಿತ್ತು: "ಗೆರೆ ಎಳೆದ ಪದಕ್ಕೂ ಕ್ರಿಯಾಪದಕ್ಕೂ ಇರುವ ಸಂಬಂಧ ಗಮನಿಸಿ ವಿಭಕ್ತಿ ಆರಿಸಿ." ಒಂಬತ್ತನೆಯ ವಾಕ್ಯ: ಅಮ್ಮ ಮೀನು ಕೊಯ್ದಳು. ಗೆರೆ "ಮೀನು" ಪದದ ಕೆಳಗೆ. ಸೂಚಿಯಲ್ಲಿ ಪ್ರಥಮಾ, ಅಂದರೆ ಕೆಲಸ ಮಾಡಿದ ಕರ್ತೃ ಎಂದಿತ್ತು. ರೂಪಾಲಿ ದ್ವಿತೀಯಾ, ಅಂದರೆ ಕರ್ಮ ಎಂದು ಮಾಡಿದ್ದಳು.

"ಬಾಲ ಎಲ್ಲಿದ್ದು ಅದಕ್ಕೆ?" ಎಂದರು ಶ್ರೀಕಾಂತ ಸರ್. "ಬರೀ ಮೀನು ಅಂತ ಇದ್ದು. ಪ್ರತ್ಯಯ ಇಲ್ಲದಿದ್ರೆ ಪ್ರಥಮಾ."

"ನಾ ಕಡೆಯಿಂದ ಓದೂದು ಸರ್. ಕೊಯ್ದಳು. ಕೊಯ್ದದ್ದು ಯಾರು? ಅಮ್ಮ. ಏನನ್ನ ಕೊಯ್ದಳು? ಮೀನನ್ನ. ನಿಮ್ಮ ಸೂಚಿ ಪ್ರಕಾರ ಮೀನೇ ಕತ್ತಿ ಹಿಡ್ಕಂಡು ಕೂತದ್ದು ಆಯ್ತಲ್ಲ."

ನಮಿತಾ ಅಕ್ಕೋರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಾನು ಮೆಟ್ಟಿಲ ಮೇಲಿಂದ, "ಭಟ್ರ ಮನೆ ಅಡುಗೆಯಲ್ಲಿ ಮೀನು ಇಲ್ಲ ಅಲ್ರಾ, ಅವ್ರಿಗೆ ಹ್ಯಾಂಗೆ ಗೊತ್ತಾಗ್ಬೇಕು ಯಾರು ಯಾರನ್ನ ಕೊಯ್ತ್ರು ಅಂತ," ಎಂದೆ.

"ನೀವು ಸುಮ್ನಿರಿ ಮಾರಾಯ್ರೇ, ಇದು ಧರಣಿ ಅಲ್ಲ," ಎಂದರು ಶ್ರೀಕಾಂತ ಸರ್. ಆದರೆ ಅವರ ಬೆರಳು ಆ ಸಾಲಿನ ಮೇಲೇ ನಿಂತಿತ್ತು.

ಬೊಮ್ಮಯ್ಯ ಮಾಸ್ತರು ನಗಲಿಲ್ಲ. "ಅನ್ನು ಪ್ರತ್ಯಯ ಬಿಟ್ಟು ಹೋಗ್ಯದೆ, ಅಷ್ಟೇ. ಅನ್ನ ಉಂಡ, ನೀರು ಕುಡ್ದ ಅಂತ ದಿನಾ ಮಾತಾಡ್ತೇವೆ. ಬಾಲ ಬಿದ್ಹೋದ್ರೂ ಅದು ಕರ್ಮವೇ. ದ್ವಿತೀಯಾ ಸರಿ. ಮುಂದಿಂದು?"

ಹನ್ನೊಂದನೆಯದು: ಗಾಳಿ ಬೀಸಿ ಮಾವಿನಕಾಯಿ ಮರದಿಂದ ಉದುರಿತು. ಕೇಳಿದ್ದು "ಮರದಿಂದ" ಪದದ ವಿಭಕ್ತಿ. ಸರ್ ಬರೆದದ್ದು ತೃತೀಯಾ, ಅಂದರೆ ಕೆಲಸಕ್ಕೆ ಬಳಸಿದ ಸಾಧನ. ರೂಪಾಲಿಯದು ಪಂಚಮೀ, ಅಂದರೆ ಅಗಲಿಕೆ.

"ಇಂದ ತೃತೀಯಾ ಪ್ರತ್ಯಯ," ಎಂದು ಶ್ರೀಕಾಂತ ಸರ್ ಗಟ್ಟಿಯಾಗಿಯೇ ಹೇಳಿದರು. "ಪಂಚಮಿದು ದೆಸೆಯಿಂದ. ಮರದ ದೆಸೆಯಿಂದ ಅಂತಿದ್ರೆ ನಾನೂ ಪಂಚಮೀ ಅಂತಿದ್ದೆ."

"ಮರದ ದೆಸೆಯಿಂದ ಅಂತ ಅಂಕೋಲೆ ಪೇಟೇಲಿ ಯಾರು ಮಾತಾಡ್ತ್ರು ಸರ್?" ಎಂದಳು ರೂಪಾಲಿ. "ಉದುರಿತು. ಮರ ಹಿಡ್ಕಂಡು ಯಾರಾದ್ರೂ ಉದುರ್ಸಿದ್ರಾ, ಕೋಲು ಹಿಡ್ದ ಹಾಂಗೆ? ಇಲ್ಲ. ಕಾಯಿ ಮರ ಬಿಟ್ಟು ಬಂತು. ಕೋಲಿನಿಂದ ಉದುರ್ಸಿದ್ರು ಅಂದ್ರೆ ತೃತೀಯಾ ಅಂತ ನಾನೇ ಟೈಪ್ ಮಾಡ್ತಿದ್ದೆ."

ಬೊಮ್ಮಯ್ಯ ಮಾಸ್ತರು ಶ್ರೀಕಾಂತ ಸರ್ ಕಡೆ ತಿರುಗಿದರು. "ಪ್ರತ್ಯಯ ಯಾವ್ದು ಅಂತ ಕೇಳಿದ್ರೆ ನಿನ್ ಮಾತಿಗೂ ಜಾಗ ಇತ್ತು ಮಾರಾಯ. ನೀನೇ ಸಂಬಂಧ ನೋಡಿ ಅಂತ ಬರ್ದಿದ್ದೀ. ಸಂಬಂಧ ಅಗಲಿಕೆದು. ಪಂಚಮೀ."

ಶ್ರೀಕಾಂತ ಸರ್ ತಾವು ಬರೆದ ಸೂಚನೆಯನ್ನು ಮತ್ತೊಮ್ಮೆ ಓದಿದರು. ಕೆಳಗೆ ಔಷಧಿ ಅಂಗಡಿಯವನು ಯಾರಿಗೋ ಮಾತ್ರೆ ನುಂಗುವ ಹೊತ್ತನ್ನು ಕೂಗಿ ಹೇಳುವುದು ಕೇಳಿಸುತ್ತಿತ್ತು. ಗೆದ್ದೆ ಎಂದು ರೂಪಾಲಿಗೂ ಅನಿಸಿರಬೇಕು, ಹದಿನಾಲ್ಕನೆಯದನ್ನು ಆಕೆಯೇ ಓದಿದಳು: "ತಿಮ್ಮು ಬಸ್ಸಿನಲ್ಲಿ ಬಾಳೆಗುಳಿಗೆ ಹೋದ. ಬಸ್ಸಿನಲ್ಲಿ, ಸರ್ ಸಪ್ತಮೀ, ಜಾಗ ಅಂದ್ರು, ನಾ ತೃತೀಯಾ ಮಾಡ್ದೆ. ಹೋದ. ಎಂತದ್ರಿಂದ ಹೋದ? ಬಸ್ಸಿಂದ. ಬಸ್ಸು ಸಾಧನ."

"ಬಾಯೀ," ಎಂದರು ಶ್ರೀಕಾಂತ ಸರ್. ಮುಖಕ್ಕೆ ಬಣ್ಣ ಮರಳಿತ್ತು. "ಎಂತದ್ರಿಂದ ಅಂತ ನೀವು ಕೇಳಿದ್ದು. ವಾಕ್ಯ ಹೇಳಿದ್ದು ಬಸ್ಸಿನಲ್ಲಿ ಅಂತ. ತಿಮ್ಮು ಬಸ್ಸಿನ ಒಳಗೆ ಕೂತು ಹೋದ. ಅಲ್ಲಿ ಪ್ರತ್ಯಯ ಕಣ್ಣೆದುರಿಗೇ ಇದ್ದಲ್ಲ! ಮೀನಿಗೆ ಬಾಲ ಇರ್ಲಿಲ್ಲ, ಮರದ ಬಾಲ ಎರಡು ವಿಭಕ್ತಿಗೆ ಸೇರಿದ್ದು. ಇದಕ್ಕೆ ಎಂತ ಆಗಿತ್ತು?"

ರೂಪಾಲಿ ಪರದೆ ನೋಡಿದಳು. ತುಟಿ ಅಲುಗಿಸುತ್ತ ವಾಕ್ಯವನ್ನು ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಓದಿದಳು.

"ಹೌದು ಸರ್. ಇದು ನನ್ ತಪ್ಪೇ."

"ಎಷ್ಟು ಶಾಲೆಗೆ ಹೋಗ್ಯದೆ ಇದು?" ಎಂದರು ಬೊಮ್ಮಯ್ಯ ಮಾಸ್ತರು.

"ಇಪ್ಪತ್ತೆರಡು," ಎಂದಳು ರೂಪಾಲಿ.

ಅಷ್ಟೂ ಶಾಲೆಗಳಲ್ಲಿ ಸಪ್ತಮೀ ಎಂದು ಸರಿಯಾಗಿ ಬರೆದ ಮಕ್ಕಳ ಒಂದು ಅಂಕ ಹೋಗಿತ್ತು. ಕಟ್ಟಳೆ ಯಾಕಿತ್ತು ಎಂಬುದನ್ನು ಇನ್ನು ಯಾರೂ ಆಕೆಗೆ ವಿವರಿಸಬೇಕಾಗಿರಲಿಲ್ಲ. ಎರಡು ಸರಿ ಮಾಡಿದ ಕೈಯೇ ಮೂರನೆಯದನ್ನು ಕೆಡಿಸಿತ್ತು, ಅದೂ ಯಾರಿಗೂ ಹೇಳದೆ. ನಮ್ಮ ಸಂಘಟನೆಗಳಲ್ಲೂ ಇಂಥವರನ್ನು ನೋಡಿದ್ದೇನೆ. ಎರಡು ಸಲ ಸರಿಯಾದವರು ಮೂರನೆಯ ಸಲ ಯಾರನ್ನೂ ಕೇಳುವುದಿಲ್ಲ.

ತಿದ್ದುಪಡಿ ಪತ್ರ ಆಗಲೇ ಹೋಗಬೇಕಿತ್ತು. ಶ್ರೀಕಾಂತ ಸರ್ ಹೇಳುತ್ತ ಹೋದರು, ರೂಪಾಲಿ ಟೈಪ್ ಮಾಡಿದಳು. "ಉತ್ತರ ಸೂಚಿಯ ಹದಿನಾಲ್ಕನೆಯ ಉತ್ತರ ಸಪ್ತಮೀ ಎಂದು ಓದಿಕೊಳ್ಳುವುದು. ಟೈಪ್ ಮಾಡುವಾಗ ತಪ್ಪಾಗಿದೆ."

ಆಕೆಯ ಕೈ ನಿಂತಿತು. "ತಪ್ಪಾಗಿದೆ ಅಲ್ಲ ಸರ್. ಕೈ ಜಾರಿ ಆದದ್ದಲ್ಲ. ನಾನು ಮಾಡಿದ್ದು." ಯಾರ ಒಪ್ಪಿಗೆಗೂ ಕಾಯದೆ ಆ ಸಾಲು ಅಳಿಸಿ, "ಟೈಪ್ ಮಾಡುವ ರೂಪಾಲಿ ಕೇಳದೆ ಬದಲಿಸಿದ್ದಾರೆ" ಎಂದು ಹೊಡೆದಳು. ಆಮೇಲೆ ಶ್ರೀಕಾಂತ ಸರ್ ಮುಖ ನೋಡಿದಳು. "ಮುಂದೆ ಹೇಳಿ."

"ಮುಂದೆ ಎಂತ? ಅಷ್ಟೇ."

"ಟಿಪ್ಪಣಿ ಬಾಯಿಪಾಠ ಮಾಡಿದ ನನ್ ಮಕ್ಳಿಗೆ ನಾ ಎಂತ ಹೇಳ್ಲಿ?" ಎಂದರು ನಮಿತಾ ಅಕ್ಕೋರು.

ಬೊಮ್ಮಯ್ಯ ಮಾಸ್ತರು ಕಿಟಕಿಯ ಹೊರಗೆ ನೋಡುತ್ತ ಕೂತರು. ಶ್ರೀಕಾಂತ ಸರ್ ತಮ್ಮ ಕೈಬರಹದ ಹಾಳೆ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಬರೀರಿ," ಎಂದರು ಕೊನೆಗೆ. "ಒಂಬತ್ತು ಮತ್ತು ಹನ್ನೊಂದನೆಯ ಉತ್ತರಗಳು ಸೂಚಿಯಲ್ಲಿ ಸರಿ ಇವೆ. ನನ್ನ ಟಿಪ್ಪಣಿಯಲ್ಲಿ ಇರುವುದು ತಪ್ಪು. ಪ್ರತ್ಯಯ ಇಲ್ಲದಿದ್ದಾಗ, ಒಂದೇ ಪ್ರತ್ಯಯ ಎರಡು ವಿಭಕ್ತಿಗೆ ಬಂದಾಗ, ಮಕ್ಕಳು ಕ್ರಿಯಾಪದವನ್ನು ಕೇಳಬೇಕು. ಶ್ರೀಕಾಂತ." ಸ್ವಲ್ಪ ತಡೆದು, "ಹೆಸರಿನ ಮುಂದೆ ಹುದ್ದೆ ಬೇಡ," ಎಂದರು.

ರೂಪಾಲಿ ಪ್ರಿಂಟ್ ತೆಗೆದು ಕೊನೆಯ ಸಾಲಿನಿಂದ ಮೇಲಕ್ಕೆ ಓದಿ ಕೊಟ್ಟಳು. ನಮಿತಾ ಅಕ್ಕೋರು ಒಂದು ಪ್ರತಿ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಓಡಿದರು.

"ಪೇಪರ್?" ಎಂದಳು ರೂಪಾಲಿ. ಕೇಳಲು ಧೈರ್ಯ ಸಾಲದೆ ಒಂದೇ ಪದ.

"ಜನವರಿದು ಇಲ್ಲೇ," ಎಂದರು ಬೊಮ್ಮಯ್ಯ ಮಾಸ್ತರು. "ತಪ್ಪು ಕಂಡ್ರೆ ಪೆನ್ಸಿಲ್ಲಲ್ಲಿ ಪಕ್ಕಕ್ಕೆ ಬರೆ. ನಂಗೆ ಫೋನ್ ಮಾಡು. ನಾ ಎತ್ತದಿದ್ರೆ ಮನೆಗೆ ಬಾ. ಟೈಪಲ್ಲಿ ಮುಟ್ಟಿದ್ರೆ ಮಾತ್ರ ನೋಡು."

"ನಂಗೂ ಮಾಡಿ," ಎಂದರು ಶ್ರೀಕಾಂತ ಸರ್, ಮೆಟ್ಟಿಲಿಳಿಯುತ್ತ. "ಮದುವೆ ಮನೇಲಿದ್ರೂ ಎತ್ತುತ್ತೇನೆ."

ಅವರು ಹೋದ ಮೇಲೆ ರೂಪಾಲಿ ಡ್ರಾಯರಿನಲ್ಲಿ ತಡಕಾಡಿದಳು. ಅಂಗಡಿಯಲ್ಲಿ ಒಂದೂ ಪೆನ್ಸಿಲ್ ಇರಲಿಲ್ಲ. ಚಪ್ಪಲಿ ಮೆಟ್ಟಿ ಕೆಳಗಿಳಿದು ತರಲು ಹೋದಳು.